ವಾಯಿದೆ ಪಟ್ಟಿ: ನೋಟಿಸ್‌ಗೆ ಮುಂಚೆ ಕೂತು ಬರೆಯಬೇಕಾದ ಒಂದು ಹಾಳೆ

ಎಲ್ಲರಿಗೂ ನಮಸ್ಕಾರ.

ಸಣ್ಣ ವರ್ಕ್‌ಶಾಪ್‌ಗಳ ಲೆಕ್ಕ ಬರೆಯುವುದು ನನ್ನ ಕೆಲಸ. 2024ರ ಜೂನ್ ಕೊನೆಯಲ್ಲಿ ಪೀಣ್ಯದ ಒಬ್ಬ ಶೀಟ್ ಮೆಟಲ್ ವರ್ಕ್‌ಶಾಪ್ ಮಾಲೀಕರು ನನ್ನ ಹತ್ತಿರ ಬಂದರು. ಪ್ಯಾನಲ್ ಬಾಕ್ಸ್ ಮಾಡಿ ಒಂದು ಕಂಪನಿಗೆ ಕೊಟ್ಟಿದ್ದರು. ನಾಲ್ಕು ಲಕ್ಷ ಚಿಲ್ಲರೆ ಬಾಕಿ ನಿಂತಿತ್ತು. ವಕೀಲರಿಗೆ ಕೊಡಲು ಒಂದು ಕಾಗದ ತಾವೇ ಬರೆದುಕೊಂಡಿದ್ದರು. ಅದರಲ್ಲಿ ಹೀಗಿತ್ತು: “ಹಲವಾರು ಬಾರಿ ಕೊಡುತ್ತೇವೆ ಎಂದು ಹೇಳಿ ಮಾತು ತಪ್ಪಿದ್ದೀರಿ.”

“ಹಲವಾರು ಅಂದ್ರೆ ಎಷ್ಟು ಸಲ ಸರ್?” ಅಂತ ಕೇಳಿದೆ. ಸ್ವಲ್ಪ ಯೋಚಿಸಿ, “ಲೆಕ್ಕ ಇಟ್ಟಿಲ್ಲ ಮೇಡಂ. ಹತ್ತು ಸಲ ಆದ್ರೂ ಇರುತ್ತೆ” ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ “ಹಲವಾರು” ಅನ್ನುವ ಮಾತಿಗೆ ಎದುರು ಪಾರ್ಟಿ “ಒಂದು ಸಲವೂ ಇಲ್ಲ” ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು. “ಏಪ್ರಿಲ್ 8ರಂದು ಈ ಮೆಸೇಜ್ ಹಾಕಿ 15ರೊಳಗೆ ಕೊಡುತ್ತೇವೆ ಅಂದಿರಿ” ಅಂತ ಬರೆದಿದ್ದರೆ, ಹಾಗೆ ಅನ್ನಲು ಆಗುವುದಿಲ್ಲ. ಇವತ್ತು ನಾನು ಮಾತಾಡುವುದು ಇಷ್ಟರ ಬಗ್ಗೆಯೇ. ತಾರೀಖು ಹಾಕಿದ ಆ ಪಟ್ಟಿ ಹೇಗೆ ಮಾಡುವುದು, ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ.

ಮೊದಲು ಬಿಲ್‌ಗಳನ್ನು ಹೇಳುತ್ತೇನೆ. ಫೆಬ್ರವರಿ 13ಕ್ಕೆ ₹1,86,000ದ ಮಾಲು ಡೆಲಿವರಿ ಆಗಿತ್ತು. ಮಾರ್ಚ್ 5ಕ್ಕೆ ₹2,24,000ದ್ದು, ಮಾರ್ಚ್ 28ಕ್ಕೆ ₹94,000ದ್ದು. ಒಟ್ಟು ₹5,04,000. ಆರ್ಡರಿನಲ್ಲಿ 30 ದಿನದ ಕ್ರೆಡಿಟ್ ಅಂತ ಬರೆದಿತ್ತು. ಪಟ್ಟಿ ಶುರುವಾಗಬೇಕಾದದ್ದು ಇಲ್ಲಿಂದ, ಮೊದಲ ಭರವಸೆಯಿಂದಲ್ಲ. ಯಾವ ದಿನ ಹಣ ಬರಬೇಕಿತ್ತು ಅನ್ನುವುದು ಗಟ್ಟಿಯಾಗದಿದ್ದರೆ, ಮಾತು ತಪ್ಪಿದ್ದಕ್ಕೂ ಅರ್ಥವಿಲ್ಲ.

ಆಮೇಲೆ ಒಂದೊಂದು ವಾಯಿದೆಗೂ ಒಂದು ಸಾಲು. ಒಂದು ಸಾಲಿನಲ್ಲಿ ಎರಡು ತಾರೀಖು ಇರಬೇಕು. ಅವರು ಹೇಳಿದ ದಿನ ಒಂದು, ಕೊಡುತ್ತೇವೆ ಅಂದ ದಿನ ಇನ್ನೊಂದು. ಜಾಸ್ತಿ ಜನ ತಪ್ಪುವುದು ಇಲ್ಲೇ. “ಏಪ್ರಿಲ್‌ನಲ್ಲಿ ಹೇಳಿದ್ರು” ಅಂತ ಒಂದೇ ಬರೆಯುತ್ತಾರೆ. ಇವೆರಡರ ಪಕ್ಕ ಯಾರು ಹೇಳಿದರು, ಫೋನಿನಲ್ಲೋ ಮೆಸೇಜಿನಲ್ಲೋ, ಅವರದೇ ಮಾತು ಏನು, ಆ ವಾಯಿದೆಯ ದಿನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಏನು ಕಾಣುತ್ತದೆ, ಇದಕ್ಕೆ ಸಾಕ್ಷಿ ಯಾವ ಫೈಲಿನಲ್ಲಿದೆ, ಇಷ್ಟು ಬರೆಯಬೇಕು. ಅವರ ಮಾತನ್ನು ಅವರು ಆಡಿದ ಹಾಗೆಯೇ ಬರೆಯಿರಿ. “ಹಬ್ಬ ಮುಗೀಲಿ ಸರ್, 15ರೊಳಗೆ ಹಾಕ್ತೀವಿ” ಅಂತ ಮೆಸೇಜ್ ಇದ್ದರೆ ಹಾಗೇ ಇಡಿ. “ಹಣ ಪಾವತಿಸುವುದಾಗಿ ಒಪ್ಪಿಕೊಂಡರು” ಅಂತ ನಾವು ತಿದ್ದಿದರೆ ಅದು ನಮ್ಮ ಮಾತಾಗುತ್ತದೆ, ಅವರದ್ದಲ್ಲ.

ಅವರ ಫೋನ್, ಮೇಲ್, ಪಾಸ್‌ಬುಕ್ ಮುಂದಿಟ್ಟುಕೊಂಡು ಒಂದು ಮಧ್ಯಾಹ್ನ ಕೂತೆವು. ಹತ್ತು ಸಲ ಅಂದದ್ದು ಐದು ಸಾಲಿಗೆ ಇಳಿಯಿತು. ಮಾರ್ಚ್ 20ರ ಫೋನು, ಏಪ್ರಿಲ್ 5ಕ್ಕೆ ಕೊಡುತ್ತೇವೆ ಅಂತ. ಯುಗಾದಿಯ ಹಿಂದಿನ ದಿನ, ಅಂದರೆ ಏಪ್ರಿಲ್ 8ಕ್ಕೆ, ಆ ಹಬ್ಬದ ಮೆಸೇಜು. 22ಕ್ಕೆ ವಾಯ್ಸ್ ಮೆಸೇಜು: 26ಕ್ಕೆ ಎಲೆಕ್ಷನ್ ಇದೆ, 29 ಸೋಮವಾರ ಖಂಡಿತ. ಮೇ 6ಕ್ಕೆ ಒಂದು ಲಕ್ಷ ಎನ್ಇಎಫ್‌ಟಿಯಲ್ಲಿ ನಿಜವಾಗಿಯೂ ಬಂತು. ಅದನ್ನೂ ಪಟ್ಟಿಯಲ್ಲಿ ಬರೆದೆವು. ಮೇ 20ಕ್ಕೆ ಅವರ ಅಕೌಂಟ್ಸ್ ವಿಭಾಗದಿಂದ ಮೇಲ್: ಬಾಕಿ ₹4,04,000 ಜೂನ್ 15ರೊಳಗೆ ಬಿಡುಗಡೆ ಮಾಡುತ್ತೇವೆ. ಜೂನ್ 18ಕ್ಕೆ ಫೋನು: “ಎಂಡಿ ಊರಲ್ಲಿಲ್ಲ, ನೋಡೋಣ.” ಕೊನೆಯದರಲ್ಲಿ ತಾರೀಖೇ ಇಲ್ಲ. ಉಳಿದ ಫೋನುಗಳಿಗೆ ದಿನ ಸಿಗಲಿಲ್ಲ. ಫೋನಿನ ಕಾಲ್ ಲಿಸ್ಟಿನಲ್ಲಿ ಹಳೆಯವು ಅಳಿದುಹೋಗಿದ್ದವು. ಅಂದಾಜಿನ ತಾರೀಖು ಹಾಕಬೇಡಿ ಅಂದೆ. ಒಂದು ತಾರೀಖು ತಪ್ಪು ಅಂತ ಅವರು ತೋರಿಸಿದರೆ ಸರಿಯಾದ ಐದರ ಮೇಲೂ ಅನುಮಾನ ಬರುತ್ತದೆ.

ಇದಕ್ಕೇ ನಾನು ಹೇಳುವುದು, ಫೋನಿನಲ್ಲಿ ಮಾತಾದ ದಿನವೇ ಒಂದು ಮೆಸೇಜ್ ಹಾಕಿ. “ಇವತ್ತು ಬೆಳಿಗ್ಗೆ 11.20ಕ್ಕೆ ಮಾತಾಡಿದ ಹಾಗೆ, ಬಿಲ್ ಹಣ ಏಪ್ರಿಲ್ 5ಕ್ಕೆ ಕೊಡುತ್ತೀರಿ ಅಂತ ತಿಳಿದುಕೊಂಡಿದ್ದೇನೆ. ಬೇರೆ ಇದ್ದರೆ ತಿಳಿಸಿ. ಬಿಲ್ಲಿನ ಡ್ಯೂ ಡೇಟ್ ಮಾತ್ರ ಮೊದಲಿನದ್ದೇ ಇರುತ್ತದೆ.” ಆ ಕೊನೆಯ ಸಾಲು ಮರೆಯಬೇಡಿ. ಸುಮ್ನೆ “ಓಕೆ ಸರ್” ಅಂದರೆ, ನೀವೇ ಹೊಸ ಗಡುವು ಒಪ್ಪಿಕೊಂಡಿರಿ ಅಂತ ನಾಳೆ ಅವರು ವಾದ ಮಾಡಬಹುದು.

ಸ್ಕ್ರೀನ್‌ಶಾಟ್ ಬಗ್ಗೆ ಒಂದು ಮಾತು. ಈ ಮಾಲೀಕರು ಆಗಾಗ ತೆಗೆದಿಟ್ಟಿದ್ದರು, ಒಳ್ಳೆಯದೇ. ಆದರೆ ಅದೇ ದಿನ ತೆಗೆದದ್ದರಿಂದ ಮೇಲುಗಡೆ `Today` ಅಂತ ಇತ್ತು, ಒಂದರಲ್ಲಿ `Yesterday`. ಯಾವ ದಿನದ ಟುಡೇ? ಗೊತ್ತಾಗುವುದಿಲ್ಲ. ಇನ್ನೊಂದು, ನಂಬರ್ ಇರಬೇಕಾದ ಕಡೆ ಅವರು ಸೇವ್ ಮಾಡಿಕೊಂಡ ಹೆಸರು ಕಾಣುತ್ತಿತ್ತು. ಹೆಸರು ಯಾರು ಬೇಕಾದರೂ ಹಾಕಿಕೊಳ್ಳಬಹುದು ಅಲ್ವಾ? ಕಾಂಟ್ಯಾಕ್ಟ್ ತೆರೆದು ನಂಬರ್ ಕಾಣುವ ಚಿತ್ರ ಬೇರೆ ತೆಗೆದೆವು. ವಾಟ್ಸಾಪ್‌ನಲ್ಲಿ `Export chat` ಒತ್ತಿ, ತಾರೀಖು ಸಮಯ ಸಮೇತ ಪೂರ್ತಿ ಮಾತುಕತೆ ಇಳಿಸಿಕೊಂಡೆವು. ನಮಗೆ ಬೇಕಾದ ನಾಲ್ಕು ಮೆಸೇಜ್ ಮಾತ್ರ ಆರಿಸಬೇಡಿ, ಪೂರ್ತಿ ಇಡಿ. ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಇಂಥ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಸರ್ಟಿಫಿಕೇಟ್ ಕೊಡಬೇಕು. ಮೂಲ ಫೋನ್ ಇದ್ದರೆ ಆ ಕೆಲಸ ಸಲೀಸು.

ಈಗ ನನಗೆ ಮುಖ್ಯ ಅನ್ನಿಸುವ ಸಾಲಿಗೆ ಬರುತ್ತೇನೆ. ಮೆಸೇಜುಗಳನ್ನು ಓದುತ್ತಾ ಮಾರ್ಚ್ 11ರದ್ದೊಂದು ಸಿಕ್ಕಿತು. ಎರಡನೇ ಲೋಡಿನಲ್ಲಿ ಎರಡು ಬಾಕ್ಸಿನ ಪೌಡರ್ ಕೋಟಿಂಗ್ ಕೆರೆದಿದೆ ಅಂತ ಫೋಟೋ ಸಮೇತ ದೂರು. 19ಕ್ಕೆ ಇವರು ಬದಲಿ ಬಾಕ್ಸ್ ಕಳಿಸಿದ್ದರು, ಡೆಲಿವರಿ ಚಲನ್ ಮೇಲೆ ಅವರ ಸೀಲ್ ಸಹಿ ಇತ್ತು. “ಇದು ಬೇಡ ಬಿಡಿ ಮೇಡಂ, ನಮ್ಮ ತಪ್ಪು ನಾವೇ ಯಾಕೆ ತೋರಿಸೋದು” ಅಂದರು. ನಾನು ಬಿಡಲಿಲ್ಲ.

ಕಾರಣ ಇದೆ. ಸಣ್ಣ ಉದ್ಯಮಗಳಿಗಾಗಿ ಇರುವ ಎಂಎಸ್‌ಎಂಇ ಕಾಯ್ದೆ 2006ರದ್ದು. ಅದರ ಪ್ರಕಾರ ಮಾಲು ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪ ಬಾರದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ. ಆಕ್ಷೇಪ ಬಂದಿದ್ದರೆ, ಅದನ್ನು ಸರಿಪಡಿಸಿದ ದಿನ ಒಪ್ಪಿಕೊಂಡ ದಿನ. ಕ್ರೆಡಿಟ್ ದಿನಗಳು ಎಣಿಕೆಯಾಗುವುದು ಅಲ್ಲಿಂದ. ಲಿಖಿತ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ. ಹಾಗಾಗಿ ಮೊದಲ ಬಿಲ್ಲಿನ ಡ್ಯೂ ಡೇಟ್ ಮಾರ್ಚ್ 14, ಮೂರನೆಯದ್ದು ಏಪ್ರಿಲ್ 27. ಎರಡನೆಯದನ್ನು ಮಾತ್ರ ಮಾರ್ಚ್ 19ರಿಂದ ಎಣಿಸಿ ಏಪ್ರಿಲ್ 18 ಅಂತ ಹಾಕಿದೆವು, ಏಪ್ರಿಲ್ 4 ಅಂತ ಅಲ್ಲ. ಹದಿನಾಲ್ಕು ದಿನದ ಬಡ್ಡಿ ಬಿಟ್ಟುಕೊಟ್ಟ ಹಾಗಾಯಿತು. ಅದಕ್ಕೆ ಸಿಕ್ಕಿದ್ದೇನು ಅಂತ ಆಮೇಲೆ ಹೇಳುತ್ತೇನೆ.

ಬಡ್ಡಿ ಅಂದರೆ ಕಡಿಮೆಯಲ್ಲ. ಆ ಕಾಯ್ದೆಯಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಆಗ ಬ್ಯಾಂಕ್ ರೇಟ್ 6.75 ಇತ್ತು, ಅಂದರೆ ವರ್ಷಕ್ಕೆ ಶೇಕಡ 20.25. ₹4,04,000ಕ್ಕೆ ಮೊದಲ ತಿಂಗಳೇ ಸುಮಾರು ₹6,800. ಇವರು ತಯಾರಕರು, ಮಾಲು ಕೊಡುವ ಮುಂಚೆಯೇ ಸಣ್ಣ ಉದ್ಯಮ ಅಂತ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದ್ದರು. ಬಾಕಿ ನಿಂತ ಮೇಲೆ ನೋಂದಣಿ ಮಾಡಿಸಿ, ಹಳೆಯ ಬಿಲ್ಲಿಗೆ ಈ ಬಡ್ಡಿ ಕೇಳುತ್ತೇನೆ ಅಂದುಕೊಳ್ಳಬೇಡಿ.

ಈ ಪಟ್ಟಿಯಿಂದ ಆಗದ ಕೆಲಸ ಒಂದಿದೆ. ಪಾರ್ಟಿ ಕೊಡುತ್ತೇನೆ, ಕೊಡುತ್ತೇನೆ ಅನ್ನುತ್ತಿದ್ದರೆ ಕಾಲಮಿತಿಯೂ ಮುಂದೆ ಹೋಗುತ್ತಾ ಇರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ದಾವೆ ಹೂಡಲು ಮೂರು ವರ್ಷ. ಕ್ರೆಡಿಟ್ ಕೊಟ್ಟಿದ್ದರೆ ಅದು ಮುಗಿದ ದಿನದಿಂದ ಎಣಿಕೆ. ಫೋನಿನಲ್ಲಿ ನೂರು ಸಲ ಹೇಳಿದರೂ ಒಂದು ದಿನ ಮುಂದೆ ಹೋಗುವುದಿಲ್ಲ. ಆ ಮೂರು ವರ್ಷ ಮುಗಿಯುವ ಮುಂಚೆ, ಅವರ ಸಹಿಯಿರುವ ಬರವಣಿಗೆಯಲ್ಲಿ ಬಾಕಿ ಒಪ್ಪಿಕೊಂಡರೆ ಆ ದಿನದಿಂದ ಹೊಸ ಮೂರು ವರ್ಷ. ನೀವು ಕಳಿಸಿದ ಮೆಸೇಜ್ ಇದಕ್ಕೆ ಸಾಲದು, ಅವರದ್ದೇ ಬೇಕು. ಇಮೇಲ್‌ನಲ್ಲಿ ಒಪ್ಪಿಕೊಂಡರೂ ಆಗುತ್ತದೆ ಅಂತ 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿದೆ. ಅದಕ್ಕೇ ಮೇ 20ರ ಆ ಮೇಲ್ ಚಿನ್ನದಂಥದ್ದು. ಅದರಲ್ಲಿ ಮೊತ್ತ ಇದೆ, ತಾರೀಖು ಇದೆ, ಕೆಳಗೆ ಕಳಿಸಿದವರ ಹೆಸರು ಹುದ್ದೆ ಇದೆ. ಪಟ್ಟಿಯಲ್ಲಿ ಆ ಸಾಲಿಗೆ ಹಳದಿ ಬಣ್ಣ ಹಾಕಿಸಿದೆ.

ಚೆಕ್ ಕೊಟ್ಟು ವಾಯಿದೆ ಹೇಳಿದ್ದರೆ ಮಾತ್ರ ಹೀಗೆ ನಿಧಾನವಾಗಿ ಪಟ್ಟಿ ಬೆಳೆಸಬೇಡಿ. ಚೆಕ್ ವಾಪಸ್ ಆದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. “ಮುಂದಿನ ತಿಂಗಳು ಕ್ಯಾಶ್ ಕೊಡ್ತೀನಿ ಬಿಡಿ” ಅನ್ನುವ ಮಾತು ನಂಬಿ ಆ 30 ದಿನ ಕಳೆದುಕೊಂಡವರನ್ನು ನೋಡಿದ್ದೇನೆ. ತುಂಬಾ ಬೇಜಾರಾಗುತ್ತದೆ.

ಹಾಗಾದರೆ ಎಷ್ಟು ವಾಯಿದೆ ತಪ್ಪುವವರೆಗೆ ಕಾಯಬೇಕು? ನನ್ನ ಅಭಿಪ್ರಾಯದಲ್ಲಿ ಸಂಖ್ಯೆಗಿಂತ ಮಾತಿನ ಧಾಟಿ ನೋಡಬೇಕು. ತಾರೀಖು ಹೇಳುತ್ತಿದ್ದವರು ತಾರೀಖು ಹೇಳುವುದನ್ನು ನಿಲ್ಲಿಸಿದರೆ, ಮಾತುಕತೆಯಿಂದ ಇನ್ನೇನೂ ಬರುವುದಿಲ್ಲ. ಜೂನ್ 18ರ “ನೋಡೋಣ” ಅಂಥದ್ದು.

ಜುಲೈ 3ಕ್ಕೆ ವಕೀಲರ ನೋಟಿಸ್ ಹೋಯಿತು, 15 ದಿನದ ಗಡುವು ಕೊಟ್ಟು. ಒಕ್ಕಣೆ ಒಂದೂವರೆ ಪುಟ ಅಷ್ಟೇ. ಅದರಲ್ಲಿ ಏಪ್ರಿಲ್ 8ರ ಮೆಸೇಜು, ಒಂದು ಲಕ್ಷ ಬಂದದ್ದು, ಮೇ 20ರ ಮೇಲ್, ಇವನ್ನು ಮಾತ್ರ ಹೇಳಿ ಪೂರ್ತಿ ಪಟ್ಟಿಯನ್ನು ಹಿಂದೆ ಲಗತ್ತಿಸಿದ್ದರು. ಬೈಗುಳ ಇಲ್ಲ, “ಮೋಸ” ಅನ್ನುವ ಪದ ಇಲ್ಲ.

ಹತ್ತು ದಿನಕ್ಕೆ ಉತ್ತರ ಬಂತು. ಎರಡನೇ ಲೋಡಿನ ಮಾಲು ಕಳಪೆ, ಕೋಟಿಂಗ್ ಸರಿಯಿಲ್ಲ, ಅದಕ್ಕೇ ಹಣ ತಡೆದಿದ್ದೇವೆ ಅಂತ. ಮಾಲೀಕರು ನನ್ನ ಮುಖ ನೋಡಿದರು. ಮಾರ್ಚ್ 11ರ ದೂರು, 19ರ ಸೀಲ್ ಹಾಕಿದ ಚಲನ್ ಪಟ್ಟಿಯಲ್ಲಿ ಮೊದಲೇ ಇದ್ದವು. ಆಮೇಲಿನ ಒಂದು ಸಾಲಿನಲ್ಲೂ ಕೋಟಿಂಗ್ ಮಾತಿಲ್ಲ. ಹಬ್ಬ ಇದೆ, ಎಲೆಕ್ಷನ್ ಇದೆ, ಎಂಡಿ ಊರಲ್ಲಿಲ್ಲ. ವಕೀಲರು ಆ ಸಾಲುಗಳ ನಂಬರ್ ಹಾಕಿ ನಾಲ್ಕು ಸಾಲಿನ ಮರುಉತ್ತರ ಬರೆದರು. ಹಣ ಬಾರದಿದ್ದರೆ ಸಣ್ಣ ಉದ್ಯಮಗಳ ಬಾಕಿ ದೂರಿಗೆ ಆಗ ಇದ್ದ ಸಮಾಧಾನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಇಂಥ ಬಾಕಿ ತಕರಾರು ವಿಚಾರಿಸುವ ಫೆಸಿಲಿಟೇಶನ್ ಕೌನ್ಸಿಲ್ ಮುಂದೆ ಹೋಗುತ್ತೇವೆ ಅಂದರು. ಆಗಸ್ಟ್‌ನಲ್ಲಿ ಎರಡು ಕಂತಿನಲ್ಲಿ ಅಸಲು ಪೂರ್ತಿ ಬಂತು. ಬಡ್ಡಿ ಕೊಡಲಿಲ್ಲ. ಕೇಸು ನಡೆಸುವಷ್ಟು ಸಮಯ ತಮಗಿಲ್ಲ ಅಂತ ಮಾಲೀಕರು ಅದನ್ನು ಬಿಟ್ಟರು. ಅದು ಅವರ ತೀರ್ಮಾನ, ನಾನು ಒತ್ತಾಯ ಮಾಡಲಿಲ್ಲ.

ಪಟ್ಟಿಯ ಕೊನೆಗೆ ಆ ಎರಡು ಕಂತಿನ ತಾರೀಖನ್ನೂ ಬರೆಸಿ, ಫೈಲಿಗೆ ದಾರ ಕಟ್ಟಿಸಿದೆ.