ಸೋಡಾ ಬಾಟಲಿಗೆ ಗಾಳಿ ಪಂಪ್ ಮಾಡಿದರೆ ಗ್ಯಾಸ್ ಉಳಿಯುತ್ತಾ?

ನಮಸ್ಕಾರ. ಮಾಟುಂಗಾದ ವೀಕ್ಷಕರೊಬ್ಬರ ಪ್ರಶ್ನೆ ಇದು: "ಸರ್, ಅರ್ಧ ಕುಡಿದ ಸೋಡಾಗೆ ಪಂಪ್ ಇರೋ ಮುಚ್ಚಳ ಹಾಕಿ, ಬಾಟಲಿ ಗಟ್ಟಿಯಾಗೋವರೆಗೂ ಗಾಳಿ ತುಂಬಿದೆ. ಮರುದಿನ ಸೋಡಾ ಸಪ್ಪೆ. ಯಾಕೆ?"

ಬೇಸಿಕ್ಸ್ ಬೇಗ ಮುಗಿಸೋಣ. 1803ರಲ್ಲಿ ವಿಲಿಯಂ ಹೆನ್ರಿ ಹೇಳಿದ್ದು ಇಷ್ಟೇ: ಗ್ಯಾಸಿನ ಒತ್ತಡ ಎರಡು ಪಟ್ಟಾದರೆ ನೀರಲ್ಲಿ ಕರಗುವ ಗ್ಯಾಸೂ ಎರಡು ಪಟ್ಟು.

[ಸ್ಕ್ರೀನ್ ಮೇಲೆ: C = k × P]

C ಅಂದರೆ ಒಂದು ಲೀಟರ್ ನೀರಲ್ಲಿ ಕರಗಿದ ಗ್ಯಾಸ್, k ಅಂದರೆ ಆ ಗ್ಯಾಸಿಗೂ ಬಿಸಿಗೂ ತಕ್ಕ ಒಂದು ಸ್ಥಿರ ಸಂಖ್ಯೆ. ಇಲ್ಲಿ P ಅಂದರೆ ಬಾಟಲಿಯ ಒಟ್ಟು ಒತ್ತಡ ಅಲ್ಲ, ಆ ಒಂದು ಗ್ಯಾಸಿನ ಪಾಲು ಮಾತ್ರ. ಎಡವಟ್ಟಾಗುವುದೇ ಇಲ್ಲಿ. ದಾದರ್ ಪ್ಲಾಟ್‌ಫಾರ್ಮಲ್ಲಿ ಕಾಲಿಡೋಕೆ ಜಾಗ ಇಲ್ಲ ಅಂದುಕೊಳ್ಳಿ. ಆದರೆ ನಿಂತವರೆಲ್ಲ ಬೇರೆ ಗಾಡಿಗೆ ಕಾಯುವವರು, ವಿರಾರ್ ಲೋಕಲ್ ಹತ್ತುವವರು ಇಬ್ಬರೇ. ಆಗ ವಿರಾರ್ ಲೋಕಲ್ ತುಂಬುತ್ತಾ? (ನಿಜ ಜೀವನದಲ್ಲಿ ಇದು ಅಸಾಧ್ಯ, ಗೊತ್ತು.) ನೀವು ಪಂಪ್ ಮಾಡಿದ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಶೇಕಡಾ 0.04ರಷ್ಟು. ಮಿಕ್ಕಿದ್ದು ಹೆಚ್ಚುಕಮ್ಮಿ ಎಲ್ಲ ನೈಟ್ರೋಜನ್, ಆಕ್ಸಿಜನ್. ಗುಳ್ಳೆ ಏಳುವುದು ಸ್ವಲ್ಪ ನಿಧಾನವಾಗಬಹುದು, ಆದರೆ ಕೊನೆಗೆ ಹೊರಡುವ ಗ್ಯಾಸ್ ಅಷ್ಟೇ.

ಎಷ್ಟು ಹೊರಡುತ್ತೆ? ಲೆಕ್ಕ ಹಾಕೋಣ. 25 ಡಿಗ್ರಿಯಲ್ಲಿ ಕಾರ್ಬನ್ ಡೈಆಕ್ಸೈಡಿಗೆ k ಸುಮಾರು 0.034. ಸೀಲ್ ಬಾಟಲಿಯಲ್ಲಿ ಒತ್ತಡ 4 ಅಟ್ಮಾಸ್ಫಿಯರ್ ಅಂತ ಇಟ್ಟುಕೊಂಡರೆ ಲೀಟರಿಗೆ 0.136 ಮೋಲ್, ಅಂದರೆ 6 ಗ್ರಾಂ. 600 ಎಂಎಲ್ ಬಾಟಲಿಯಲ್ಲಿ ಅರ್ಧ ಕುಡಿದಿರಿ. ಮುಚ್ಚಳ ತೆಗೆದಾಗ ಹಾರಿಹೋದದ್ದನ್ನು ಬಿಟ್ಟರೆ, ಉಳಿದ 300 ಎಂಎಲ್‌ನಲ್ಲಿ 1.8 ಗ್ರಾಂ, ಅಂದರೆ 0.041 ಮೋಲ್. ಮೇಲೆ 300 ಎಂಎಲ್ ಖಾಲಿ ಜಾಗ. ಗ್ಯಾಸ್ ಎರಡೂ ಕಡೆ ಹಂಚಿಕೊಳ್ಳಬೇಕು:

[ಸ್ಕ್ರೀನ್ ಮೇಲೆ: 0.3 × 0.034 × P + 0.3 × P ÷ 24.5 = 0.041]

ಮೊದಲ ತುಂಡು ನೀರಲ್ಲಿರುವುದು, ಎರಡನೆಯದು ಮೇಲಿನ ಜಾಗದಲ್ಲಿರುವುದು. 24.5 ಅಂದರೆ ಆ ಬಿಸಿಯಲ್ಲಿ, 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಒಂದು ಮೋಲ್ ಗ್ಯಾಸ್ ತುಂಬುವ ಲೀಟರು. P ಸುಮಾರು 1.8 ಬರುತ್ತೆ. ನೀರಲ್ಲಿ ಉಳಿಯುವುದು 0.8 ಗ್ರಾಂ. ಅರ್ಧಕ್ಕಿಂತ ಜಾಸ್ತಿ ಸುಮ್ನೆ ಮೇಲೆ ಹೋಗಿ ಕೂತಿದೆ! ಪಂಪಿನ ಗಾಳಿ ಈ ಲೆಕ್ಕದಲ್ಲಿ ಎಲ್ಲಾದರೂ ಬಂತಾ? ಇಲ್ಲ ಅಲ್ವಾ.

ಈಗ ಅದೇ ಬಾಟಲಿಯನ್ನು ಫ್ರಿಜ್‌ನಲ್ಲಿ 5 ಡಿಗ್ರಿಗೆ ಇಡಿ. k ಸುಮಾರು 0.064 ಆಗುತ್ತೆ, 24.5 ಇದ್ದದ್ದು 22.8 ಆಗುತ್ತೆ, ಲೆಕ್ಕ ಮತ್ತೆ ಮಾಡಿದರೆ ನೀರಲ್ಲಿ 1.07 ಗ್ರಾಂ. ಇನ್ನೂ ಒಳ್ಳೆಯ ಉಪಾಯ ಚಿಕ್ಕ ಬಾಟಲಿ. ಮೇಲೆ 30 ಎಂಎಲ್ ಮಾತ್ರ ಖಾಲಿ ಇದ್ದರೆ, ಫ್ರಿಜ್ ಇಲ್ಲದೆಯೂ ಲೆಕ್ಕದ ಪ್ರಕಾರ ಶೇಕಡಾ 89 ನೀರಲ್ಲೇ ಇರುತ್ತೆ. ಸುರಿಯುವಾಗ ಒಂದಿಷ್ಟು ಹೋಗುತ್ತೆ, ಹಾಗಾಗಿ ತಣ್ಣಗಿರುವಾಗಲೇ ಚಿಕ್ಕ ಬಾಟಲಿಯ ಒಳಗೋಡೆಗೆ ತಾಗಿಸಿ ನಿಧಾನವಾಗಿ ಸುರಿಯಿರಿ. ಪ್ಲಾಸ್ಟಿಕ್ ಬಾಟಲಿ ಅಮುಕಿ ಮುಚ್ಚುವವರಿಗೆ: ಗ್ಯಾಸ್ ಬಂದಂತೆ ಅದು ಮತ್ತೆ ಉಬ್ಬುತ್ತೆ, ಪ್ರಯೋಜನ ಇಲ್ಲ.

ಟೈಮ್ ಆಗ್ತಾ ಇದೆ, ಎರಡು ಮಾತು ಒಟ್ಟಿಗೆ. ಅಮೋನಿಯಾದಂಥ, ನೀರಿನ ಜೊತೆ ಚೆನ್ನಾಗಿ ಬೆರೆತು ಪ್ರತಿಕ್ರಿಯೆ ಮಾಡುವ ಗ್ಯಾಸಿಗೆ ಈ ಸರಳ ಸೂತ್ರ ಹಾಕಬೇಡಿ. ಮತ್ತೆ, ಪುಣೆಯ ಮೇ ತಿಂಗಳ ಬಿಸಿಲಲ್ಲಿ ಕಾರೊಳಗೆ 40 ಡಿಗ್ರಿಗೆ ಕಾದ ಸೀಲ್ ಬಾಟಲಿಯಲ್ಲಿ ಒತ್ತಡ 25 ಡಿಗ್ರಿಯಲ್ಲಿದ್ದದ್ದರ ಸುಮಾರು 1.4 ಪಟ್ಟು. ತಣ್ಣಗಾದ ಮೇಲೇ ತೆಗೆಯಿರಿ, ಇಲ್ಲದಿದ್ದರೆ ಸೀಟ್ ಕವರ್ ನಿಮ್ಮದು.