ಮೂರು ರೂಪಾಯಿ ವ್ಯತ್ಯಾಸ, ಆರು ಲಕ್ಷ ರೂಪಾಯಿ ಹೊಣೆ

(ಬಸವನಗುಡಿಯಲ್ಲಿ ಸಣ್ಣ ಹೂಡಿಕೆದಾರರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)

ಸ್ನೇಹಿತರೆ,

ಬ್ರೋಕರ್ ಕಚೇರಿಯೊಂದರ ಮಾರ್ಜಿನ್ ವಿಭಾಗದಲ್ಲಿ ನಾನು ಬಹಳ ವರ್ಷ ದುಡಿದವನು. ಆಪ್ಷನ್‌ಗಳ ಅವಧಿ ಮುಗಿಯುವ ಎಕ್ಸ್‌ಪೈರಿಯ ವಾರ ಬಂತೆಂದರೆ ಫೋನಿನಲ್ಲಿ ಕೇಳಿಬರುತ್ತಿದ್ದ ಪ್ರಶ್ನೆ ಒಂದೇ: "ಪ್ರೀಮಿಯಂ ಪೂರ್ತಿ ಕಟ್ಟಿದ್ದೇನೆ, ಇನ್ನೂ ಯಾವ ಹಣ ಕೇಳುತ್ತಿದ್ದೀರಿ?" ಕೇಳುವವರ ಸಿಟ್ಟು ನ್ಯಾಯವಾದದ್ದೇ. ಆಪ್ಷನ್ ಕೊಂಡವನ ನಷ್ಟ ಪ್ರೀಮಿಯಂಗೆ ಸೀಮಿತ ಎಂದೇ ನಾವೆಲ್ಲರೂ ಕಲಿತಿದ್ದೇವೆ.

ಒಂದು ಲೆಕ್ಕ ಹಾಕೋಣ. ಒಂದು ಷೇರನ್ನು 1,200 ರೂಪಾಯಿಯ ನಿಗದಿತ ಬೆಲೆಗೆ, ಅಂದರೆ ಸ್ಟ್ರೈಕ್‌ಗೆ, ಕೊಳ್ಳುವ ಹಕ್ಕು ಕೊಡುವ ಕಾಲ್ ಆಪ್ಷನ್ ಅನ್ನು ನೀವು ಷೇರಿಗೆ 8 ರೂಪಾಯಿ ಪ್ರೀಮಿಯಂ ಕೊಟ್ಟು ಕೊಂಡಿದ್ದೀರಿ. ಲಾಟ್ 500 ಷೇರುಗಳದ್ದು. ಕೊಟ್ಟದ್ದು 4,000 ರೂಪಾಯಿ. ಎಕ್ಸ್‌ಪೈರಿಯ ದಿನ ಷೇರು 1,203ಕ್ಕೆ ಮುಕ್ತಾಯವಾಗುತ್ತದೆ. ನಿಫ್ಟಿಯ ಆಪ್ಷನ್ ಆಗಿದ್ದರೆ ವ್ಯತ್ಯಾಸದ ಹಣ ಖಾತೆಗೆ ಬಂದು ವ್ಯವಹಾರ ಮುಗಿಯುತ್ತಿತ್ತು. ಷೇರಿನ ಆಪ್ಷನ್ ಹಾಗಲ್ಲ. 2019ರ ಅಕ್ಟೋಬರ್‌ನಿಂದ ಎಲ್ಲ ಷೇರು ಆಪ್ಷನ್‌ಗಳಿಗೂ ಷೇರುಗಳೇ ಕೈ ಬದಲಾಗಬೇಕು. ಅಂದರೆ ನೀವು 6 ಲಕ್ಷ ರೂಪಾಯಿ ಕೊಟ್ಟು 500 ಷೇರು ತೆಗೆದುಕೊಳ್ಳಲೇಬೇಕು. "ನನಗೆ ಬೇಡ" ಎನ್ನಲು ಇದ್ದ ಸೌಲಭ್ಯವೂ 2023ರ ಮಾರ್ಚ್‌ನಲ್ಲಿ ನಿಂತುಹೋಯಿತು.

ಷೇರು ಮಾರುವ ಹಕ್ಕು ಕೊಡುವ ಪುಟ್ ಆಪ್ಷನ್ ಕೊಂಡವರ ಸ್ಥಿತಿ ಇನ್ನೂ ಕಷ್ಟ. ಅವರು ಷೇರು ಕೊಡಬೇಕು. ಡಿಮ್ಯಾಟ್ ಖಾತೆಯಲ್ಲಿ ಅದು ಇಲ್ಲದಿದ್ದರೆ ವಿನಿಮಯ ಕೇಂದ್ರ ಹರಾಜಿನಲ್ಲಿ ಕೊಂಡು ಎದುರಿನವರಿಗೆ ಕೊಡಿಸುತ್ತದೆ; ಬೆಲೆ ಎಷ್ಟಾದರೂ ತೆರಬೇಕಾದವರು ನೀವೇ.

ಈ ಹೊಣೆಗೆ ಭದ್ರತೆಯಾಗಿ ಇಡಬೇಕಾದ ಹಣ, ಅಂದರೆ ಮುಂಗಡ ಮಾರ್ಜಿನ್, ಇರುವುದು ಇದಕ್ಕಾಗಿ. ಇನ್-ದ-ಮನಿ, ಅಂದರೆ ಷೇರಿನ ಬೆಲೆ ಸ್ಟ್ರೈಕ್‌ಗಿಂತ ಕೊಂಡವರಿಗೆ ಅನುಕೂಲವಾದ ಕಡೆಗಿರುವ ಆಪ್ಷನ್ ಕೊಂಡವರಿಂದ, ಎಕ್ಸ್‌ಪೈರಿಗೆ ನಾಲ್ಕು ವಹಿವಾಟು ದಿನಗಳಿರುವಾಗಲೇ ಅದು ಶುರುವಾಗುತ್ತದೆ. ಆ ಷೇರನ್ನು ನಗದು ಮಾರುಕಟ್ಟೆಯಲ್ಲಿ ಕೊಳ್ಳಲು ವಿಧಿಸುವ ಮಾರ್ಜಿನ್‌ನಲ್ಲಿ ಮೊದಲ ದಿನ ಶೇ 10, ನಂತರ 25, 45, ಕೊನೆಗೆ 70. ನಮ್ಮ ಉದಾಹರಣೆಯಲ್ಲಿ ಆ ಮಾರ್ಜಿನ್ 1,20,000 ಎಂದಿಟ್ಟುಕೊಳ್ಳಿ. ಮೊದಲ ದಿನದ 12,000 ಎಕ್ಸ್‌ಪೈರಿಯ ಹಿಂದಿನ ದಿನಕ್ಕೆ 84,000 ಆಗಿರುತ್ತದೆ. ಇದು ಕನಿಷ್ಠ ಮಟ್ಟ. ಬ್ರೋಕರ್ ಇನ್ನೂ ಹೆಚ್ಚು ಕೇಳಬಹುದು, ಎಷ್ಟೋ ಮಂದಿ ಕೇಳುತ್ತಾರೆ ಕೂಡ.

ಈ ಏರ್ಪಾಡಿನಲ್ಲೂ ಒಂದು ಕಿಂಡಿ ಉಳಿದಿದೆ, ನನ್ನ ನಿದ್ದೆಗೆಡಿಸುತ್ತಿದ್ದದ್ದು ಅದೇ. ವಾರವಿಡೀ ಷೇರು 1,185ರ ಆಸುಪಾಸಿನಲ್ಲಿದ್ದರೆ ನಿಮ್ಮ ಕಾಲ್‌ಗೆ ಈ ಮಾರ್ಜಿನ್ ಬೀಳುವುದೇ ಇಲ್ಲ. ಕೊನೆಯ ಮಧ್ಯಾಹ್ನ ಅದು ಏರಿ 1,203ಕ್ಕೆ ನಿಂತರೆ, ಖಾತೆಯಲ್ಲಿ ಹತ್ತು ಸಾವಿರವೂ ಇಲ್ಲದವರ ಹೆಗಲಿಗೆ ಆರು ಲಕ್ಷದ ಹೊಣೆ ಬೀಳುತ್ತದೆ. ಗ್ರಾಹಕ ಕಟ್ಟದಿದ್ದರೆ ಬ್ರೋಕರ್ ಕಟ್ಟಬೇಕು. ಮುಕ್ತಾಯ ಬೆಲೆ ಖಚಿತವಾಗುವ ಹೊತ್ತಿಗೆ ಆಪ್ಷನ್ ಮಾರುವ ಬಾಗಿಲು ಮುಚ್ಚಿರುತ್ತದೆ. ಸ್ಟ್ರೈಕ್‌ಗೆ ಹತ್ತಿರವಿರುವ, ಹಣದ ಬೆಂಬಲವಿಲ್ಲದ ಆಪ್ಷನ್‌ಗಳನ್ನು ಬ್ರೋಕರ್‌ಗಳು ಮೊದಲೇ ಮಾರಿಬಿಡುವುದು ಆ ಕಾರಣಕ್ಕೆ.

ಆದರೆ ಅವರು ಮಾರುವ ಬೆಲೆ ನಿಮಗೆ ಹಿತವಾಗಿರಬೇಕಿಲ್ಲ. ಷೇರು 1,260ರಲ್ಲಿದ್ದಾಗ 1,200ರ ಕಾಲ್‌ಗೆ 60 ರೂಪಾಯಿಯಾದರೂ ಸಿಗಬೇಕು. ಕೊನೆಯ ದಿನ ಕೊಳ್ಳುವವರ ಸಾಲಿನಲ್ಲಿ 54 ಮಾತ್ರ ಕಾಣಬಹುದು. ಒಂದು ಲಾಟ್‌ಗೆ 3,000 ರೂಪಾಯಿ ಹೋಯಿತು. ಅದಕ್ಕೇ ಹೇಳುತ್ತೇನೆ: ಷೇರು ಕೊಳ್ಳುವ ಹಣವೋ, ಕೊಡಲು ಷೇರೋ ಇಲ್ಲದಿದ್ದರೆ, ಮಾರ್ಜಿನ್ ಶುರುವಾಗುವ ಮೊದಲೇ, ಮಾರುಕಟ್ಟೆಯಲ್ಲಿ ಕೊಳ್ಳುವವರು ಇರುವಾಗಲೇ, ನೀವೇ ಮಾರಿ ಹೊರಬನ್ನಿ.