ನಾಟಾ ಲಾರಿಯ ಎರಡನೇ ತಿಂಗಳು: ಗುರಿ ನಿಗದಿ ಸಿದ್ಧಾಂತದ ಬಗ್ಗೆ ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ಶಿರಸಿಯ ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಹಾಗಾಗಿ ಪೀಠಿಕೆ ಬೇಡ, ನೇರವಾಗಿ ಪ್ರಶ್ನೆಗೇ ಬರೋಣ. ಅಭಿಪ್ರೇರಣೆಯ ಅಧ್ಯಾಯದಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಗುರಿಗಳು ನಿರ್ದಿಷ್ಟವೂ ಸವಾಲಿನವೂ ಒಪ್ಪಿತವೂ ಆಗಿರಬೇಕು ಏಕೆ?" ಹೆಚ್ಚಿನವರು ಬರೆಯುವ ಉತ್ತರ ಹೀಗಿರುತ್ತದೆ: ಗುರಿ ನಿರ್ದಿಷ್ಟವಾಗಿದ್ದರೆ ಒಳ್ಳೆಯ ಫಲಿತಾಂಶ ಬರುತ್ತದೆ, ಸವಾಲಿನದಾಗಿದ್ದರೆ ಒಳ್ಳೆಯ ಫಲಿತಾಂಶ ಬರುತ್ತದೆ, ಒಪ್ಪಿತವಾಗಿದ್ದರೂ ಒಳ್ಳೆಯ ಫಲಿತಾಂಶ ಬರುತ್ತದೆ. ಒಂದೇ ವಾಕ್ಯ ಮೂರು ಸಲ. ಪ್ರಶ್ನೆಯಲ್ಲಿರುವುದು "ಏಕೆ" ಎಂಬ ಪದ, ಆದರೆ ಉತ್ತರದಲ್ಲಿ ಕಾರಣವೇ ಇಲ್ಲ. ಇವತ್ತು ಆ ಕಾರಣಗಳನ್ನಷ್ಟೇ ನೋಡೋಣ.

ಈ ಸಿದ್ಧಾಂತ ಎಡ್ವಿನ್ ಲಾಕ್ ಅವರದು. ಅಮೆರಿಕದ ಈ ಮನಶ್ಶಾಸ್ತ್ರಜ್ಞರ ಮುಖ್ಯ ಲೇಖನ ಬಂದದ್ದು 1968ರಲ್ಲಿ. ಮನುಷ್ಯ ಎಷ್ಟು ಕೆಲಸ ಮಾಡುತ್ತಾನೆ ಎಂಬುದನ್ನು ಅವನ ಮನಸ್ಸಿನಲ್ಲಿರುವ ಗುರಿಯೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ; ಕಠಿಣವೂ ಖಚಿತವೂ ಆದ ಗುರಿ ಕೊಟ್ಟವರು, "ನಿನ್ನ ಕೈಲಾದಷ್ಟು ಮಾಡು" ಎಂದು ಹೇಳಿಸಿಕೊಂಡವರಿಗಿಂತ ಹೆಚ್ಚು ಮಾಡುತ್ತಾರೆ ಎಂಬುದು ಲಾಕ್ ಅವರ ವಾದ. ಎರಡು ಅಂಕದ ಪ್ರಶ್ನೆಯಾದರೆ ಇಷ್ಟು ಸಾಕು. ಐದು ಅಂಕಕ್ಕೆ ಒಂದು ಪ್ರಸಂಗ ಬೇಕು. ಅದಕ್ಕೆ ನಮ್ಮ ಜಿಲ್ಲೆಯವರಿಗೆ ಸುಲಭವಾಗಿ ಕಣ್ಣಿಗೆ ಕಟ್ಟುವಂಥದ್ದೇ ಒಂದಿದೆ.

ಯಲ್ಲಾಪುರ, ದಾಂಡೇಲಿ ಕಡೆಯವರು ನಾಟಾ ತುಂಬಿದ ಲಾರಿಗಳನ್ನು ಚಿಕ್ಕಂದಿನಿಂದಲೂ ನೋಡಿರುತ್ತೀರಿ. ಲಾಕ್ ಅವರ ಆರಂಭದ ಪ್ರಯೋಗಗಳು ಪ್ರಯೋಗಾಲಯದಲ್ಲಿ, ವಿದ್ಯಾರ್ಥಿಗಳ ಮೇಲೆ ನಡೆದವು. ಅದು ನಿಜವಾದ ದುಡಿಮೆಯ ಜಾಗದಲ್ಲೂ ನಡೆಯುತ್ತದೆಯೇ ಎಂದು ಪರೀಕ್ಷಿಸಿದವರು ಮನಶ್ಶಾಸ್ತ್ರಜ್ಞ ಗ್ಯಾರಿ ಲೇಥಮ್. ಅವರು ಆರಿಸಿಕೊಂಡದ್ದು ಅಮೆರಿಕದ ಒಕ್ಲಹೋಮದಲ್ಲಿ ಕಾಡಿನಿಂದ ಕಾರ್ಖಾನೆಗೆ ನಾಟಾ ಸಾಗಿಸುವ ಲಾರಿ ಚಾಲಕರನ್ನು. ಲೇಥಮ್ ಮತ್ತು ಅವರ ಸಹಲೇಖಕ ಬಾಲ್ಡೆಸ್ ಅದನ್ನು 1975ರಲ್ಲಿ ಪ್ರಕಟಿಸಿದರು.

ಸಮಸ್ಯೆ ನಮ್ಮ ಕಡೆಯದಕ್ಕೆ ಪೂರಾ ಉಲ್ಟಾ. ನಮ್ಮಲ್ಲಿ ಲಾರಿ ಎಂದರೆ ಓವರ್‌ಲೋಡ್‌ನ ಮಾತೇ ಬರುತ್ತದೆ. ಅಲ್ಲಿನ ಚಾಲಕರು ಕಡಿಮೆ ತುಂಬುತ್ತಿದ್ದರು. ಕಾನೂನು ಒಪ್ಪುವ ತೂಕದ ಸುಮಾರು 60 ಪ್ರತಿಶತ ಮಾತ್ರ ಹೇರಿಕೊಂಡು ಹೊರಡುತ್ತಿದ್ದರು. ಅದು ಸೋಮಾರಿತನ ಅಲ್ಲ. ಮರದ ದಿಮ್ಮಿಗಳು ಉದ್ದದಲ್ಲಿ, ದಪ್ಪದಲ್ಲಿ ಒಂದರಂತೆ ಒಂದಿರುವುದಿಲ್ಲ, ತೂಕವನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಬೇಕು. ಮಿತಿ ಮೀರಿದರೆ ದಂಡ. ಹಾಗಾಗಿ ಯಾಕೆ ರಗಳೆ ಎಂದು ಕಡಿಮೆ ತುಂಬುವುದೇ ರೂಢಿಯಾಗಿತ್ತು. ಕಂಪನಿಗೆ ಇದರಿಂದ ಎಷ್ಟು ನಷ್ಟ? ಲೆಕ್ಕಕ್ಕೆ ಇರಲಿ ಎಂದು ಒಂದು ಲಾರಿಯ ಮಿತಿ 20 ಟನ್ ಎಂದುಕೊಳ್ಳಿ. 60 ಪ್ರತಿಶತ ಎಂದರೆ 12 ಟನ್, ಮುಂದೆ ಚಾಲಕರಿಗೆ ಗುರಿಯಾಗಿ ಕೊಟ್ಟ 94 ಪ್ರತಿಶತ ಎಂದರೆ 18.8 ಟನ್. 188 ಟನ್ ನಾಟಾ ಸಾಗಿಸಲು ಮೊದಲನೆಯ ಲೆಕ್ಕದಲ್ಲಿ 16 ಟ್ರಿಪ್ ಬೇಕು, ಎರಡನೆಯದರಲ್ಲಿ 10 ಸಾಕು.

ಮೂರು ತಿಂಗಳು ಚಾಲಕರಿಗೆ "ಕೈಲಾದಷ್ಟು ತುಂಬಿ" ಎಂದು ಹೇಳಿದರು. ಏನೂ ಬದಲಾಗಲಿಲ್ಲ. ಆಮೇಲೆ ಕಾರ್ಮಿಕ ಸಂಘದ ಒಪ್ಪಿಗೆ ಪಡೆದು ಒಂದು ಅಂಕಿ ಕೊಟ್ಟರು: ಕಾನೂನು ಮಿತಿಯ 94 ಪ್ರತಿಶತ. ಮುಟ್ಟಿದರೆ ಹಣದ ಬಹುಮಾನವಿಲ್ಲ, ಮುಟ್ಟದಿದ್ದರೆ ಶಿಕ್ಷೆಯಿಲ್ಲ ಎಂದೂ ಹೇಳಿದರು. ಮೊದಲ ತಿಂಗಳು 80ಕ್ಕೆ ಏರಿತು. ಎರಡನೇ ತಿಂಗಳು 70ಕ್ಕೆ ಇಳಿಯಿತು. ಮೂರನೇ ತಿಂಗಳು 90 ದಾಟಿತು, ವರ್ಷಗಳ ಕಾಲ ಅಲ್ಲೇ ನಿಂತಿತು. ಮೊದಲ ಒಂಬತ್ತು ತಿಂಗಳಲ್ಲೇ ಕಂಪನಿಗೆ ಸುಮಾರು ಎರಡೂವರೆ ಲಕ್ಷ ಡಾಲರ್ ಉಳಿಯಿತು.

ಈಗ ಈ ಒಂದೇ ಪ್ರಸಂಗದಿಂದ ಮೂರೂ ಕಾರಣಗಳನ್ನು ಹೊರತೆಗೆಯೋಣ.

ನಿರ್ದಿಷ್ಟತೆ ಮೊದಲು. "ಕೈಲಾದಷ್ಟು" ಎಂಬ ಮಾತಿಗೆ ಹೊರಗಿನ ಅಳತೆಯಿಲ್ಲ. ಅದಕ್ಕೆ ಅರ್ಥ ಕೊಡುವವನು ಕೆಲಸಗಾರನೇ. 60 ತುಂಬಿದವನೂ "ನನ್ನ ಕೈಲಾದದ್ದು ಇಷ್ಟೇ" ಎಂದರೆ ಅದು ಸುಳ್ಳಲ್ಲ, ದಂಡದ ಭಯವನ್ನೂ ಸೇರಿಸಿ ಅವನು ಹೇಳುತ್ತಿದ್ದಾನೆ. 94 ಎಂದ ಕೂಡಲೇ ತೂಕದ ಚೀಟಿ ನೋಡಿದವನಿಗೆ ತಾನು ಎಲ್ಲಿದ್ದೇನೆ, ಎಷ್ಟು ಬಾಕಿ ಎಂಬುದು ಗೊತ್ತಾಗುತ್ತದೆ. ಹಿಮ್ಮಾಹಿತಿಗೆ ಬೆಲೆ ಬರುವುದೇ ಆಗ. ಚಾಲಕರು ತಮ್ಮ ತೂಕಗಳನ್ನು ಬರೆದಿಟ್ಟುಕೊಂಡು ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದರು, ಯಾರೂ ಏರ್ಪಡಿಸದ ಪೈಪೋಟಿ ಹುಟ್ಟಿತು. ಉತ್ತರದಲ್ಲಿ ಹೀಗೆ ಬರೆಯಿರಿ: ನಿರ್ದಿಷ್ಟ ಗುರಿ ಅಸ್ಪಷ್ಟತೆಯನ್ನು ತೆಗೆದು, ಗಮನವನ್ನು ಒಂದು ದಿಕ್ಕಿಗೆ ತಿರುಗಿಸಿ, ಪ್ರಗತಿಯನ್ನು ಅಳೆಯಲು ಬರುವಂತೆ ಮಾಡುತ್ತದೆ.

ಇಲ್ಲಿ ಒಂದು ಎಚ್ಚರ. ನಿರ್ದಿಷ್ಟತೆಯೊಂದೇ ಸಾಧನೆಯನ್ನು ಮೇಲಕ್ಕೆತ್ತುವುದಿಲ್ಲ. "62 ಪ್ರತಿಶತ ತುಂಬಿ" ಎಂಬುದೂ ನಿರ್ದಿಷ್ಟ ಗುರಿಯೇ. ಹಾಗೆ ಹೇಳಿದ್ದರೆ ಎಲ್ಲರೂ 62 ತುಂಬಿ ಕೈ ಕಟ್ಟಿ ಕೂರುತ್ತಿದ್ದರು. ಮೇಲಕ್ಕೆತ್ತುವುದು ಎರಡನೆಯ ಗುಣ, ಅಂದರೆ ಸವಾಲು. ಕಾರಣ ಸರಳ: ಗುರಿ ಮುಟ್ಟಿದ ಮೇಲೆ ಶ್ರಮ ಸಡಿಲವಾಗುತ್ತದೆ. ಗುರಿ ಎತ್ತರವಿದ್ದರೆ ಹೆಚ್ಚು ಶ್ರಮ, ಹೆಚ್ಚು ಹೊತ್ತಿನ ಪಟ್ಟು ಎರಡೂ ಬೇಕಾಗುತ್ತವೆ. ಹಳೆಯ ರೀತಿಯಲ್ಲಿ ಮುಟ್ಟಲಾಗದಿದ್ದರೆ ಹೊಸ ದಾರಿ ಹುಡುಕಬೇಕಾಗುತ್ತದೆ. ಆ ಚಾಲಕರು ಹುಡುಕಿದರು ಕೂಡ, ತೂಕದ ಅಂದಾಜು ಸರಿಯಾಗಿ ಸಿಗುವಂತೆ ಲಾರಿಯಲ್ಲಿ ಸಣ್ಣಪುಟ್ಟ ಬದಲಾವಣೆಗಳನ್ನು ತಾವೇ ಸೂಚಿಸಿದರು. ಇದನ್ನು ಬರೆಯುವ ವಿದ್ಯಾರ್ಥಿಗಳು ಕಡಿಮೆ. ಬರೆದರೆ ಅಂಕ ಕೊಡುವವರ ಕಣ್ಣು ಅಲ್ಲಿ ನಿಲ್ಲುತ್ತದೆ.

ಸವಾಲಿಗೆ ಮಿತಿ ಇದೆಯೇ? ಇದೆ. ಸಾಮರ್ಥ್ಯ ಮುಗಿಯುವಲ್ಲಿ ಸಾಧನೆಯ ಏರಿಕೆಯೂ ನಿಲ್ಲುತ್ತದೆ. ಅವರು 100 ಎನ್ನದೆ 94 ಎಂದರು ಎಂಬುದನ್ನು ಗಮನಿಸಿ. ದಿಮ್ಮಿಗಳನ್ನು ಕಣ್ಣಳತೆಯಲ್ಲಿ ತುಂಬುವಾಗ 100ಕ್ಕೆ ಗುರಿಯಿಟ್ಟರೆ ಅರ್ಧದಷ್ಟು ಲಾರಿಗಳು ದಂಡ ಕಟ್ಟಬೇಕಾದೀತು. ಕಷ್ಟ, ಆದರೆ ಸಾಧ್ಯ, ಅಷ್ಟು.

ಮೂರನೆಯದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಈ ಇಡೀ ಪ್ರಸಂಗದ ಅತಿ ಮುಖ್ಯ ಅಂಕಿ 94 ಅಲ್ಲ, ಎರಡನೇ ತಿಂಗಳ 70. ಗುರಿ ಅದೇ ಇತ್ತು, ಲಾರಿ ಅದೇ, ಚಾಲಕರೂ ಅವರೇ. ಮತ್ತೇಕೆ ಇಳಿಯಿತು? ವಿಚಾರಿಸಿದಾಗ ಗೊತ್ತಾದದ್ದು, ಚಾಲಕರು ಕಂಪನಿಯನ್ನು ಪರೀಕ್ಷಿಸುತ್ತಿದ್ದರು ಎಂದು. "ಶಿಕ್ಷೆ ಇಲ್ಲ ಅಂದಿದ್ದಾರಲ್ಲ, ಕಡಿಮೆ ತುಂಬಿದರೆ ನಿಜವಾಗಿಯೂ ಸುಮ್ಮನಿರುತ್ತಾರಾ ನೋಡೋಣ" ಎಂಬ ಲೆಕ್ಕ. ಕಂಪನಿ ಸುಮ್ಮನಿತ್ತು. ಮಾತು ನಿಜ ಎಂದು ಖಾತ್ರಿಯಾದ ಮೇಲೆ ಮೂರನೇ ತಿಂಗಳು 90 ದಾಟಿತು. ಆ ಎರಡನೇ ತಿಂಗಳಲ್ಲಿ ಯಾರಾದರೂ ಮ್ಯಾನೇಜರ್ ಸಿಟ್ಟಿಗೆದ್ದು ಒಬ್ಬ ಚಾಲಕನಿಗೆ ನೋಟೀಸು ಕೊಟ್ಟಿದ್ದರೆ 94 ಎಂಬ ಗುರಿ ಕಂಪನಿಯದಾಗಿಯೇ ಉಳಿಯುತ್ತಿತ್ತು, ಚಾಲಕರದಾಗುತ್ತಿರಲಿಲ್ಲ. ಸಿದ್ಧಾಂತದಲ್ಲಿ ಬದ್ಧತೆ ಎನ್ನುವುದು ಇದನ್ನೇ. ಗುರಿ ಸುಲಭವಿದ್ದಾಗ ಬದ್ಧತೆ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ, ಹೇಗೂ ಆಗಿಹೋಗುತ್ತದೆ. ಗುರಿ ಕಠಿಣವಾದಷ್ಟೂ ಅದಿಲ್ಲದೆ ನಡೆಯುವುದಿಲ್ಲ. ಈ ಒಂದು ವಾಕ್ಯ ಬರೆದರೆ ಎರಡನೆಯ ಗುಣಕ್ಕೂ ಮೂರನೆಯದಕ್ಕೂ ಕೊಂಡಿ ಬೀಳುತ್ತದೆ.

ಒಪ್ಪಿಗೆ ಎಂದರೆ ಎಲ್ಲರನ್ನೂ ಕೂರಿಸಿ ಕೇಳಿಯೇ ಗುರಿ ಇಡಬೇಕು ಎಂದೇ? ಇದರ ಮೇಲೆ ದೊಡ್ಡ ಜಗಳವೇ ನಡೆದಿದೆ. ಇಸ್ರೇಲಿನ ಮಿರಿಯಂ ಎರೆಜ್ ಅವರ ಪ್ರಯೋಗಗಳಲ್ಲಿ, ಜೊತೆಗೂಡಿ ಇಟ್ಟ ಗುರಿಯೇ ಮೇಲುಗೈ ಪಡೆಯಿತು. ಲೇಥಮ್ ಅವರಲ್ಲಿ ಮೇಲಿನಿಂದ ಕೊಟ್ಟ ಗುರಿಯೂ ಅಷ್ಟೇ ಚೆನ್ನಾಗಿ ನಡೆಯಿತು. ಕೊನೆಗೆ ಇಬ್ಬರೂ, ಲಾಕ್ ಅವರನ್ನು ನಡುವೆ ಇಟ್ಟುಕೊಂಡು, ಕೂಡಿಯೇ ಪ್ರಯೋಗ ರಚಿಸಿ 1988ರಲ್ಲಿ ಪ್ರಕಟಿಸಿದರು. ವ್ಯತ್ಯಾಸ ಸಿಕ್ಕಿದ್ದು ಗುರಿ ಕೊಡುವ ರೀತಿಯಲ್ಲಿ. ಎರೆಜ್ ಅವರ ಪ್ರಯೋಗದಲ್ಲಿ ಗುರಿಯನ್ನು ಚುಟುಕಾಗಿ ಹೇಳಿಬಿಡುತ್ತಿದ್ದರು. ಲೇಥಮ್ ಅವರದರಲ್ಲಿ ಏಕೆ ಈ ಗುರಿ ಎಂದು ವಿವರಿಸಿ, ನಿಮ್ಮಿಂದ ಆಗುತ್ತದೆ ಎಂದು ಧೈರ್ಯ ತುಂಬುತ್ತಿದ್ದರು. ಕಾರಣ ಹೇಳಿ ಕೊಟ್ಟರೆ ಮೇಲಿನಿಂದ ಬಂದ ಗುರಿಗೂ ಒಪ್ಪಿಗೆ ಸಿಗುತ್ತದೆ. ಆದ್ದರಿಂದ ಉತ್ತರದಲ್ಲಿ "ಭಾಗವಹಿಸುವಿಕೆ ಕಡ್ಡಾಯ" ಎಂದು ಬರೆಯಬೇಡಿ. ಅದು ಒಪ್ಪಿಗೆಗೆ ಹೋಗುವ ಒಂದು ದಾರಿ, ಏಕೈಕ ದಾರಿಯಲ್ಲ.

ಈಗ ಪ್ರಶ್ನೆಪತ್ರಿಕೆಯಲ್ಲಿ ಪ್ರಸಂಗ ಕೊಟ್ಟು ಕೇಳಿದರೆ ಹೇಗೆ ಬರೆಯುವುದು? ನಮ್ಮ ಪೇಟೆಯ ಒಂದು ಸಹಕಾರಿ ಸಂಘ ಎಂದು ಕಲ್ಪಿಸಿಕೊಳ್ಳಿ. ಸಿ.ಪಿ. ಬಜಾರಿನಿಂದ ದೇವಿಕೆರೆಯವರೆಗೆ ಅಂಗಡಿ ಅಂಗಡಿ ಸುತ್ತಿ ಪಿಗ್ಮಿ ಕಟ್ಟಿಸಿಕೊಳ್ಳುವ ಏಜೆಂಟ್ ಒಬ್ಬ. ತಿಂಗಳಿಗೆ ಎಂಟು ಹತ್ತು ಹೊಸ ಖಾತೆ ತರುತ್ತಾನೆ. ಮ್ಯಾನೇಜರ್ "ಸ್ವಲ್ಪ ಜೋರಾಗಿ ಮಾಡಪ್ಪ" ಎನ್ನುತ್ತಾರೆ, ಏನೂ ಆಗುವುದಿಲ್ಲ. ಬೇಸರವಾಗಿ "ಆಗಸ್ಟ್‌ನಲ್ಲಿ 30 ಖಾತೆ ಬೇಕು" ಎನ್ನುತ್ತಾರೆ. ಅವನ ಉತ್ತರ: "ಸರ್, ಈ ಮಳೇಲಿ ಅಂಗಡಿಯವ್ರಿಗೇ ವ್ಯಾಪಾರ ಇಲ್ಲ, ದಿನಾ ನೂರು ರೂಪಾಯಿ ಎಲ್ಲಿಂದ ಕೊಡ್ತಾರೆ?" ಮ್ಯಾನೇಜರ್ ಕೇಳುವುದಿಲ್ಲ. ತಿಂಗಳ ಕೊನೆಗೆ 30 ಖಾತೆ ಬರುತ್ತವೆ! ಆದರೆ ಪುಸ್ತಕ ಬಿಡಿಸಿದರೆ, ಅರ್ಧದಷ್ಟು ಖಾತೆಗಳು ಅವನ ಭಾವ, ಚಿಕ್ಕಪ್ಪ, ನೆರೆಮನೆಯವರ ಹೆಸರಿನಲ್ಲಿವೆ. ಮೊದಲ ಕಂತಿನ ನಂತರ ಜಮಾ ಇಲ್ಲ. ಗುರಿ ನಿರ್ದಿಷ್ಟವಾಗಿತ್ತು, ಕಠಿಣವೂ ಆಗಿತ್ತು. ಒಪ್ಪಿಗೆ ಇರಲಿಲ್ಲ, ಹಾಗಾಗಿ ಅಂಕಿ ಮಾತ್ರ ಬಂತು, ಕೆಲಸ ಬರಲಿಲ್ಲ. ಇಂಥದ್ದನ್ನು ಪತ್ತೆ ಹಚ್ಚುವುದೂ ಹೀಗೆಯೇ: ಗುರಿಯ ಅಂಕಿ ಏರಿದಾಗ ಅದರ ಪಕ್ಕದ ಅಂಕಿಯನ್ನು, ಇಲ್ಲಿ ಎರಡನೇ ತಿಂಗಳ ಜಮಾವನ್ನು, ನೋಡಬೇಕು.

ತಿದ್ದುವುದು ಹೇಗೆ ಎಂದು ಕೇಳಿದರೆ, "ಆಗಸ್ಟ್‌ನಲ್ಲಿ 15 ಹೊಸ ಖಾತೆ, ಪ್ರತಿಯೊಂದರಲ್ಲೂ ಮುಂದಿನ ತಿಂಗಳು ಕನಿಷ್ಠ 20 ದಿನ ಜಮಾ" ಎಂದು ಬರೆಯಿರಿ. 10ರಿಂದ 15 ಎಂಬುದು ಸವಾಲು, 20 ದಿನ ಎಂಬ ಷರತ್ತು ಕಳ್ಳದಾರಿಗೆ ಬೇಲಿ. ಸಂಘಕ್ಕೆ ಈ ಖಾತೆಗಳು ಏಕೆ ಬೇಕು ಎಂದು ಮ್ಯಾನೇಜರ್ ವಿವರಿಸುತ್ತಾರೆ, ಅಡಿಕೆ ದುಡ್ಡು ಪೇಟೆಯಲ್ಲಿ ಓಡಾಡುವ ತಿಂಗಳುಗಳಿಗೆ ಬೇರೆ ಗುರಿ ಇಡೋಣ ಎನ್ನುತ್ತಾರೆ, ವಾರಕ್ಕೊಮ್ಮೆ ಅಂಕಿ ತೋರಿಸುತ್ತಾರೆ. ಮೂರು ಗುಣಗಳೂ ಹಿಮ್ಮಾಹಿತಿಯೂ ಉತ್ತರದಲ್ಲಿ ಬಂದವು.

ಕೊನೆಯದಾಗಿ ಎರಡು ಮಾತು. ಒಳ್ಳೆಯ ಗುರಿ ಹೇಗಿರಬೇಕು ಎಂದು ಹೇಳುವ, ಇಂಗ್ಲಿಷಿನಲ್ಲಿ ಸ್ಮಾರ್ಟ್ ಎಂಬ ಐದಕ್ಷರದ ಸೂತ್ರವನ್ನು ಲಾಕ್ ಅವರ ಹೆಸರಿಗೆ ಬರೆಯಬೇಡಿ. ಅದು 1981ರಲ್ಲಿ ಜಾರ್ಜ್ ಡೋರನ್ ಬರೆದದ್ದು, ಬೇರೆ ಕಡೆಯಿಂದ ಬಂದದ್ದು. ಎರಡನೆಯದು, "ಮಿತಿಗಳೇನು" ಎಂಬ ಉಪಪ್ರಶ್ನೆಗೆ. ಕೆಲಸವೇ ಹೊಸದಾಗಿ, ಜಟಿಲವಾಗಿ ಇರುವಾಗ ಕಠಿಣ ಅಂಕಿಯ ಗುರಿ ತೊಂದರೆ ಕೊಡುತ್ತದೆ, ಏಕೆಂದರೆ ಕಲಿಯುವುದಕ್ಕೆ ಬೇಕಾದ ಗಮನವನ್ನು ಅಂಕಿಯೇ ತಿಂದುಬಿಡುತ್ತದೆ. ಆಗ ಕಲಿಕೆಯ ಗುರಿ ಕೊಡುವುದು ಮೇಲು ಎಂದು ಲೇಥಮ್ ಮತ್ತು ಸಂಗಡಿಗರೇ ಮುಂದೆ ತೋರಿಸಿದರು. ನಿನ್ನೆ ಸೇರಿದ ಪಿಗ್ಮಿ ಏಜೆಂಟನಿಗೆ ಮೊದಲ ತಿಂಗಳು 15 ಖಾತೆ ಎನ್ನುವ ಬದಲು, "ಅಂಗಡಿಯವರು ಬೇಡ ಎನ್ನಲು ಕೊಡುವ ಕಾರಣಗಳಲ್ಲಿ ಐದನ್ನು, ಪ್ರತಿಯೊಂದಕ್ಕೂ ನೀನು ಏನು ಹೇಳುತ್ತೀ ಎಂಬುದನ್ನು ಬರೆದು ತಾ" ಎಂದರೆ ಅದೂ ನಿರ್ದಿಷ್ಟ ಗುರಿಯೇ, ಸವಾಲೂ ಹೌದು. ಪ್ರಶ್ನೆಗಳಿದ್ದರೆ ಈಗ ಕೇಳಿ.